‘ನೀನು ಬಂದೆ’ ಸರೀನಾ? ತಪ್ಪು ವಾಕ್ಯ ಗುರುತಿಸುವ ಪ್ರಶ್ನೆ ಬಗ್ಗೆ ಸಹಾಯ ಬೇಕು

ಮದ್ದೂರು ಮನೆ

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ನಿನ್ನೆ ಸಂಜೆ ಅವಳ ಅಭ್ಯಾಸದ ಹಾಳೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಕ್ರಿಯಾಪದ ತಪ್ಪಾಗಿರುವ ವಾಕ್ಯ ಯಾವುದು ಅಂತ ಗುರುತಿಸಬೇಕು.

ಅ) ಸೀತಮ್ಮನಿಗೆ ಕೋಪ ಬಂದಿತು.
ಆ) ನೀನು ನಿನ್ನೆ ತಡವಾಗಿ ಬಂದೆ.
ಇ) ಮಗು ತೊಟ್ಟಿಲಲ್ಲಿ ಅಳುತ್ತಿದ್ದಾಳೆ.
ಈ) ನಾನೂ ತಂಗಿಯೂ ಸಂತೆಗೆ ಹೋದೆವು.

ಅವಳು ‘ಆ’ ತಪ್ಪು ಅಂದಳು. ‘ಬಂದೆ’ ಅನ್ನೋದು ‘ನಾನು’ಗೆ ಬರುವ ರೂಪ, ‘ನೀನು’ಗೆ ಹೇಗೆ ಬರುತ್ತೆ ಅಂತ ಅವಳ ವಾದ. ಉತ್ತರದ ಹಾಳೆಯಲ್ಲಿ ‘ಇ’ ಅಂತ ಇದೆ. ನನಗೆ ‘ಅ’ ಮೇಲೂ ಅನುಮಾನ. ಸೀತಮ್ಮ ಹೆಂಗಸು, ಆದರೆ ಕೊನೆಯಲ್ಲಿ ‘ಬಂದಿತು’ ಅಂತ ಇದೆಯಲ್ಲ. ಬಾಯಲ್ಲಿ ಹೇಳಿದರೆ ಸರಿಯಾಗೇ ಕೇಳುತ್ತೆ, ಕಾರಣ ಹೇಳೋಕೆ ಬರಲಿಲ್ಲ. ಮಗಳ ಮುಂದೆ ಸುಮ್ನೆ ‘ಅದು ಹಾಗೇ’ ಅನ್ನೋಕೆ ಮನಸ್ಸಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಮೂರನೇ ಸಲ

ಮೇಡಂ, ನಾನು ಮಂಡ್ಯದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದ್ತಿದ್ದೀನಿ. ಕಡ್ಡಾಯ ಕನ್ನಡದಲ್ಲಿ ಇಂಥ ಪ್ರಶ್ನೆ ಬಂದರೆ ನಾನು ಒಂದೇ ಸೂತ್ರ ಹಿಡಿಯೋದು. ವಾಕ್ಯದ ಮೊದಲ ಪದವೇ ಕರ್ತೃ. ಅದು ಗಂಡಾದರೆ ‘ಅನು’, ಹೆಣ್ಣಾದರೆ ‘ಅಳು’, ವಸ್ತು ಪ್ರಾಣಿ ಆದರೆ ‘ಇತು’ ಅಥವಾ ‘ಅದೆ’. ‘ಮಗು’ ನಪುಂಸಕ, ಹಾಗಾಗಿ ‘ಅಳುತ್ತಿದೆ’ ಆಗಬೇಕು. ಉತ್ತರ ‘ಇ’ ಸರಿ. ಹತ್ತರಲ್ಲಿ ಎಂಟಕ್ಕೆ ಈ ಸೂತ್ರ ಕೆಲಸ ಮಾಡುತ್ತೆ.

ಹಳೇ ಸೀಮೆಸುಣ್ಣ

ಮೂರನೇ ಸಲ ಅವರೇ, ಮಗುವಿನ ವಿಚಾರ ಸರಿ ಹೇಳಿದ್ದೀರಿ. ಮಗು, ಶಿಶು, ಕೂಸು ಇವು ಯಾವಾಗಲೂ ನಪುಂಸಕ. ಹೆಣ್ಣು ಮಗು ಅಂತ ಗೊತ್ತಿದ್ದರೂ ‘ಹೆಣ್ಣು ಮಗು ಹುಟ್ಟಿತು’ ಅಂತಲೇ ಹೇಳ್ತೀವಿ, ‘ಹುಟ್ಟಿದಳು’ ಅನ್ನೋದಿಲ್ಲ. ಬಹುವಚನಕ್ಕೆ ಬಂದರೆ ಮಾತ್ರ ‘ಮಕ್ಕಳು ಅತ್ತರು’.

ಆದರೆ ಮೊದಲ ಪದವೇ ಕರ್ತೃ ಅನ್ನೋ ಸೂತ್ರ ಬಿಟ್ಟುಬಿಡಿ. ಅದೇ ಸೂತ್ರ ಹಿಡಿದರೆ ‘ಅ’ ವಾಕ್ಯ ‘ಸೀತಮ್ಮನಿಗೆ ಕೋಪ ಬಂದಳು’ ಅಂತ ಆಗಬೇಕಿತ್ತು. ಹಾಗೆ ಯಾರೂ ಹೇಳೋದಿಲ್ಲ. ಬಂದದ್ದು ಸೀತಮ್ಮ ಅಲ್ಲ, ಕೋಪ. ಅದು ಬಂದದ್ದು ಸೀತಮ್ಮನಿಗೆ. ಅದಕ್ಕೇ ‘ಬಂದಿತು’.

ವಾಕ್ಯದಲ್ಲಿ ಯಾವ ಮನುಷ್ಯರಿದ್ದಾರೆ ಅಂತ ಕ್ರಿಯಾಪದ ನೋಡೋದಿಲ್ಲ. ‘ಇಗೆ, ಅನ್ನು, ಇಂದ, ಅಲ್ಲಿ’ ಅಂತ ಬಾಲ ಅಂಟದೆ ಬರಿಗೈಯಲ್ಲಿ ನಿಂತ ಪದ ಯಾವುದೋ, ಅದರ ಕಡೆ ತಿರುಗುತ್ತೆ. ನಾನು ಮೈಸೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟೆ. ಮಕ್ಕಳು ಜಾಸ್ತಿ ಜಾರೋದು ಇಲ್ಲೇ. ‘ಅವಳಿಗೆ ಜ್ವರ ಬಂದಿದೆ’, ‘ನನಗೆ ಹಸಿವಾಗುತ್ತದೆ’, ‘ಅವನಿಗೆ ಕೆಲಸ ಸಿಕ್ಕಿತು’. ಮೂರರಲ್ಲೂ ಮನುಷ್ಯರಿದ್ದಾರೆ, ಆದರೆ ‘ಇಗೆ’ ಹಾಕಿಕೊಂಡು ಪಕ್ಕಕ್ಕೆ ಸರಿದಿದ್ದಾರೆ.

ಇನ್ನು ಮಗಳ ಅನುಮಾನ. ಅವಳು ಯೋಚಿಸಿದ್ದು ದಡ್ಡತನದಿಂದ ಅಲ್ಲ, ದಯವಿಟ್ಟು ಅವಳಿಗೆ ಹೇಳಿ. ‘ನಾನು ಬಂದೆನು’ ಅನ್ನೋದನ್ನು ಮೊಟಕು ಮಾಡಿದರೆ ‘ನಾನು ಬಂದೆ’ ಆಗುತ್ತೆ. ‘ನೀನು’ಗೆ ಸಹಜವಾಗೇ ‘ಬಂದೆ’. ಎರಡೂ ನೋಡೋಕೆ ಒಂದೇ ಥರ ಆಗಿಬಿಡುತ್ತವೆ. ಬೇರೆ ಮಾಡಿ ನೋಡಬೇಕಾದರೆ ಕೊನೆಗೆ ‘ನು’ ಸೇರಿಸಿ. ‘ನಾನು ಬಂದೆನು’ ನಿಲ್ಲುತ್ತೆ, ‘ನೀನು ಬಂದೆನು’ ನಿಲ್ಲೋದಿಲ್ಲ. ಅಥವಾ ಕಾಲ ಬದಲಿಸಿ ನೋಡಿ. ‘ನಾನು ಬರುತ್ತೇನೆ’, ‘ನೀನು ಬರುತ್ತೀಯ’. ಅಲ್ಲಿ ಎರಡೂ ಬೇರೆಯಾಗೇ ಕಾಣುತ್ತವೆ.

ಕಬ್ಬಿನ ಗದ್ದೆ

ಸರ್, ನಮ್ಮ ಹುಡುಗಂದೂ ಇದೇ ಗೋಳು. ‘ಹಾಲು’ ಅಂತ ಬರೆಯೋ ಕಡೆ ‘ಆಲು’ ಬರೀತಾನೆ, ‘ಅವಳು’ ಅನ್ನೋ ಕಡೆ ‘ಅವಲು ಬಂದಲು’ ಬರೀತಾನೆ. ಎಷ್ಟು ತಿದ್ದಿದರೂ ಹೋಗ್ತಿಲ್ಲ. ಪಾಂಡವಪುರದ ಕಡೆ ನಾವೆಲ್ಲ ಹಾಗೇ ಮಾತಾಡೋದು. ಇದಕ್ಕೆ ಏನು ಮಾಡೋದು?

ಹಳೇ ಸೀಮೆಸುಣ್ಣ

ಅದು ಬೇರೆ ವಿಷಯ ಗೌಡ್ರೇ. ‘ಬಂದಲು’ ಅಂತ ಬರೆದರೂ ನಿಮ್ಮ ಹುಡುಗ ಹೆಣ್ಣಿಗೆ ಹೆಣ್ಣಿನ ರೂಪವನ್ನೇ ಹಾಕಿದ್ದಾನೆ. ಅಕ್ಷರ ಜಾರಿದೆ, ಅಷ್ಟೆ. ಇಲ್ಲಿ ಕೇಳ್ತಿರೋದು ‘ಅವಳು ಬಂದನು’, ‘ನಾವು ಬಂದರು’ ಥರದ ತಪ್ಪು. ಲ ಳ, ಅ ಹ ತಿದ್ದೋದಕ್ಕೆ ಉಕ್ತಲೇಖನ ಬರೆಸಿ, ದಿನಕ್ಕೆ ನಾಲ್ಕೇ ಸಾಲು.

ಕಬ್ಬಿನ ಗದ್ದೆ

ಆಯ್ತು ಸರ್. ಹಾಗಾದರೆ ಇನ್ನೊಂದು ಕೇಳ್ತೀನಿ, ಇದು ನೀವು ಹೇಳ್ತಿರೋ ವಿಷಯಕ್ಕೇ ಸೇರುತ್ತೆ. ನಾವು ಮನೇಲಿ ‘ಅವ್ವ ಬಂತು’, ‘ಅಕ್ಕ ಊರಿಗೆ ಹೋಯ್ತು’ ಅಂತೀವಿ. ಅವ್ವನ ಮೇಲೆ ಗೌರವ ಇಲ್ಲ ಅಂತಲ್ಲ, ಪ್ರೀತಿಯಿಂದ ಹಾಗೆ ಬರುತ್ತೆ. ಹುಡುಗ ಪ್ರಬಂಧದಲ್ಲಿ ‘ಅಕ್ಕ ಊರಿಗೆ ಹೋಯಿತು’ ಅಂತ ಬರೆದ. ಟೀಚರು ಕೆಂಪು ಇಂಕಿನಲ್ಲಿ ಹೊಡೆದು, ಅಕ್ಕ ಏನು ಬಸ್ಸಾ ಅಂತ ಕ್ಲಾಸಿನಲ್ಲಿ ಕೇಳಿದರಂತೆ. ಮಕ್ಕಳೆಲ್ಲ ನಕ್ಕರು. ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ.

ಮದ್ದೂರು ಮನೆ

ಅಯ್ಯೋ, ನಮ್ಮನೇಲೂ ಹಾಗೇ ಅಣ್ಣ. ನಮ್ಮತ್ತೆ ಇವತ್ತಿಗೂ ನನ್ನನ್ನ ‘ಅದು ನೀರಿಗೆ ಹೋಯ್ತು’ ಅಂತಾರೆ. ಅದರಲ್ಲಿ ನನಗೆ ಯಾವತ್ತೂ ಬೇಸರ ಅನ್ನಿಸಿಲ್ಲ.

ಹಳೇ ಸೀಮೆಸುಣ್ಣ

ಹುಡುಗನನ್ನು ಹಾಗೆ ನಗೆಪಾಟಲು ಮಾಡಬಾರದಿತ್ತು. ಓದಿ ಮನಸ್ಸಿಗೆ ನೋವಾಯಿತು. ಅವನು ತಪ್ಪು ಕಲಿತು ಬಂದವನಲ್ಲ. ಮನೆಯ ವ್ಯಾಕರಣವನ್ನು ಸರಿಯಾಗಿ ಕಲಿತು ಬಂದವನು. ಈ ಸೀಮೆಯಲ್ಲಿ ಹೆಂಗಸರಿಗೆ, ಅದರಲ್ಲೂ ಮನೆಯವರಿಗೆ, ನಪುಂಸಕದ ರೂಪ ಹಾಕೋದು ತಲೆತಲಾಂತರದಿಂದ ಬಂದ ರೂಢಿ. ‘ಅವ್ವ ಬಂತು’ ಅನ್ನುವ ಅದೇ ಹುಡುಗ ‘ಅಪ್ಪ ಬತ್ತಾವ್ನೆ’ ಅನ್ನೋವಾಗ ಗಂಡಿನ ರೂಪ ಹಾಕ್ತಾನೆ. ಅಂದರೆ ಅವನ ಮಾತಿಗೆ ನಿಯಮ ಇದೆ, ಶಾಲೆಯ ನಿಯಮಕ್ಕಿಂತ ಬೇರೆ ಅಷ್ಟೆ.

ಇನ್ನೊಂದು ಮಾತು. ಶಾಲೆಯ ವ್ಯಾಕರಣದಲ್ಲೇ ‘ಸ್ತ್ರೀನಪುಂಸಕಲಿಂಗ’ ಅಂತ ಒಂದು ಗುಂಪು ಇದೆ. ‘ದೇವತೆ ಒಲಿದಳು, ದೇವತೆ ಒಲಿಯಿತು’, ‘ಹುಡುಗಿ ಓಡಿದಳು, ಹುಡುಗಿ ಓಡಿತು’, ಎರಡಕ್ಕೂ ಅಲ್ಲಿ ಜಾಗ ಇದೆ. ಹಾಗಿರುವಾಗ ‘ಅಕ್ಕ ಹೋಯಿತು’ ಕನ್ನಡವೇ ಅಲ್ಲ ಅನ್ನೋದು ನ್ಯಾಯ ಅಲ್ಲ. ಆದರೆ ಪರೀಕ್ಷೆಯಲ್ಲಿ ‘ಅಕ್ಕ ಹೋದಳು’ ಅಥವಾ ‘ಹೋದರು’ ಬರೆಯಬೇಕು. ‘ಮನೇಲಿ ಹೋಯ್ತು, ಹಾಳೇಲಿ ಹೋದಳು’ ಅಂತ ಎರಡನ್ನೂ ಪಕ್ಕಪಕ್ಕ ಬರೆಸಿ ಅಭ್ಯಾಸ ಮಾಡಿಸಿ. ಮನೆ ಮಾತನ್ನು ಬಿಡಿಸಬೇಡಿ.

ಅಚ್ಚುಮೊಳೆ

ನಾನು ಮೈಸೂರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಮೇಷ್ಟ್ರು ಹೇಳಿದ ‘ಹೋದಳು ಅಥವಾ ಹೋದರು’ ಬಗ್ಗೆ ಒಂದು ಮಾತು. ಎರಡೂ ಸರಿ, ಆದರೆ ಒಂದನ್ನು ಹಿಡಿದರೆ ಕೊನೇವರೆಗೂ ಅದೇ ಇರಬೇಕು. ಮದುವೆ ಆಮಂತ್ರಣ, ಶ್ರದ್ಧಾಂಜಲಿ, ಸ್ಮರಣ ಸಂಚಿಕೆ ಎಲ್ಲದರಲ್ಲೂ ಇದನ್ನೇ ತಿದ್ದುತ್ತಾ ಇರ್ತೀನಿ. ‘ನಮ್ಮ ಅಜ್ಜಿ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದರು. ಹಸು ಕರೆದು ಹಾಲು ಕಾಯಿಸುತ್ತಿದ್ದಳು.’ ಬರೆದವರಿಗೆ ಅಜ್ಜಿ ಮೇಲೆ ಗೌರವವೂ ಇದೆ, ಸಲಿಗೆಯೂ ಇದೆ. ಎರಡೂ ಹಾಳೆ ಮೇಲೆ ಬಂದುಬಿಡುತ್ತವೆ.

ಇನ್ನೊಂದು ತಪ್ಪು ಒಂದೇ ಒಂದು ಎತ್ವದ್ದು. ‘ನಾವು ಬಂದೆವು’, ‘ಅವು ಬಂದವು’. ‘ದೆ’ಯ ಮೇಲಿನ ಆ ಎತ್ವ ಬಿದ್ದುಹೋದರೆ ನಾವು ಹೋಗಿ ದನ ಆಗಿಬಿಡುತ್ತೆ. ‘ಎಲ್ಲ ಗೆಳೆಯರು ಸೇರಿ ನಾವು ಮೇಲುಕೋಟೆಗೆ ಹೋದವು’ ಅಂತ ಬಂದಿದ್ದನ್ನು ಕಳೆದ ವಾರ ತಿದ್ದಿದೆ. ಬಾಯಲ್ಲಿ ‘ಹೋದ್ವಿ’ ಅಂತೀವಲ್ಲ, ಅದನ್ನು ಬರಹಕ್ಕೆ ತರುವಾಗ ‘ಎ’ ಇತ್ತು ಅನ್ನೋದೇ ಮರೆತು ಹೋಗುತ್ತೆ. ಪ್ರಶ್ನೆಪತ್ರಿಕೆಯಲ್ಲೂ ಈ ಒಂದು ಗುರುತಿನ ಮೇಲೇ ಕಣ್ಣಾಮುಚ್ಚಾಲೆ ಆಡಿಸ್ತಾರೆ, ನಿಧಾನವಾಗಿ ಓದಿ.

ಮೂರನೇ ಸಲ

ಮೇಷ್ಟ್ರೇ, ಬರಿಗೈಯಲ್ಲಿ ನಿಂತ ಪದ ನೋಡಿ ಅಂದ್ರಿ. ಅದನ್ನೇ ಹಿಡಿದು ಹಳೇ ಪತ್ರಿಕೆಗಳನ್ನ ಬಿಡಿಸ್ತಿದ್ದೆ. ಈ ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡೆ.

‘ಊರಿನ ಹಿರಿಯರ ಮಾತುಗಳು ಮಕ್ಕಳಿಗೆ ದಾರಿ ತೋರಿಸುತ್ತಾರೆ.’

ಇದರಲ್ಲಿ ಬಾಲ ಇಲ್ಲದ ಪದ ಎರಡಿವೆ. ‘ಮಾತುಗಳು’ ಒಂದು, ‘ದಾರಿ’ ಇನ್ನೊಂದು. ದಾರಿ ಹಿಡಿದರೆ ‘ತೋರಿಸುತ್ತದೆ’, ಮಾತುಗಳು ಹಿಡಿದರೆ ‘ತೋರಿಸುತ್ತವೆ’. ಆಯ್ಕೆಯಲ್ಲಿ ಎರಡೂ ಕೊಟ್ಟಿದ್ದಾರೆ. ಮೊದಲ ಸಲ ಓದಿದಾಗ ‘ತೋರಿಸುತ್ತಾರೆ’ ಅನ್ನೋದೇ ಸರಿ ಅನ್ನಿಸಿತ್ತು, ಅದು ಬೇರೆ ಮಾತು.

ಹಳೇ ಸೀಮೆಸುಣ್ಣ

ಒಳ್ಳೆ ಕಡೆ ಹಿಡಿದಿದ್ದೀರಿ. ನಾನು ಹೇಳಿದ್ದು ಅರ್ಧ ಆಯಿತು, ಇನ್ನರ್ಧ ಈಗ ಹೇಳ್ತೀನಿ.

ಮೊದಲು ಕ್ರಿಯಾಪದದ ಕೊನೆಯನ್ನು ಬೆರಳಲ್ಲಿ ಮುಚ್ಚಿ. ‘ತೋರಿಸು’ ಅಷ್ಟೇ ಕಾಣಲಿ. ಈಗ ಒಂದೊಂದೇ ಪದ ತೆಗೆದುಕೊಳ್ಳಿ. ‘ಊರಿನ’ ಅಂದರೆ ಹಿರಿಯರಿಗೆ ಅಂಟಿಕೊಂಡಿದ್ದು. ‘ಹಿರಿಯರ’ ಅಂದರೆ ಮಾತಿಗೆ ಅಂಟಿಕೊಂಡಿದ್ದು. ಇವೆರಡೂ ಹೊರಗೆ. ‘ಮಕ್ಕಳಿಗೆ’ ಅನ್ನೋದರಲ್ಲಿ ‘ಇಗೆ’ ಇದೆ, ಅದೂ ಹೊರಗೆ. ಉಳಿದದ್ದು ಮಾತುಗಳು, ದಾರಿ.

ಕನ್ನಡದಲ್ಲಿ ವಸ್ತುಗಳ ಹೆಸರಿಗೆ ‘ಅನ್ನು’ ಬಿಟ್ಟು ಮಾತಾಡೋದು ವಾಡಿಕೆ. ‘ನೀರು ಕುಡಿದ’, ‘ಪುಸ್ತಕ ಓದಿದಳು’, ‘ದಾರಿ ತೋರಿಸಿದರು’. ಅಲ್ಲಿ ‘ಅನ್ನು’ ಕಾಣದಿದ್ದರೂ ಒಳಗೆ ಇದೆ. ಹಾಗಾಗಿ ಎರಡು ಪದ ಉಳಿದಾಗ ಎರಡಕ್ಕೂ ‘ಅನ್ನು’ ಹಚ್ಚಿ ನೋಡಿ. ‘ಮಾತುಗಳು ದಾರಿಯನ್ನು ತೋರಿಸು’ ಅಂದರೆ ಅರ್ಥ ಕೆಡಲಿಲ್ಲ. ‘ಮಾತುಗಳನ್ನು ದಾರಿ ತೋರಿಸು’ ಅಂದರೆ ಕೆಟ್ಟಿತು. ‘ಅನ್ನು’ ಒಪ್ಪಿಕೊಂಡ ಪದ ಹೊರಗೆ ಹೋಯಿತು. ಉಳಿದದ್ದು ‘ಮಾತುಗಳು’. ಒಂದಕ್ಕಿಂತ ಜಾಸ್ತಿ, ಮನುಷ್ಯರಲ್ಲ. ಹಾಗಾಗಿ ‘ತೋರಿಸುತ್ತವೆ’.

ನಿಮಗೆ ‘ತೋರಿಸುತ್ತಾರೆ’ ಸರಿ ಅನ್ನಿಸಿದ್ದಕ್ಕೂ ಕಾರಣ ಇದೆ. ‘ಹಿರಿಯರ’, ‘ಮಕ್ಕಳಿಗೆ’ ಅಂತ ಎರಡು ಕಡೆ ಜನ ನಿಂತಿದ್ದಾರೆ. ಕಣ್ಣು ಅವರ ಮೇಲೇ ಹೋಗುತ್ತೆ. ಪ್ರಶ್ನೆ ಮಾಡಿದವರು ಬೇಕೆಂದೇ ಹಾಗೆ ನಿಲ್ಲಿಸಿದ್ದಾರೆ.

ಅಚ್ಚುಮೊಳೆ

ಇದು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಅಲ್ಲ. ‘ನಮ್ಮ ಅಧ್ಯಕ್ಷರ ಆರೋಗ್ಯ ಸುಧಾರಿಸಿದ್ದಾರೆ’ ಅಂತ ಒಮ್ಮೆ ಒಂದು ಸಂಘದ ಪತ್ರಿಕೆಗೆ ಬಂದಿತ್ತು. ಅಧ್ಯಕ್ಷರಿಗೆ ‘ಸುಧಾರಿಸಿದೆ’ ಅಂತ ಏಕವಚನ ಹಾಕೋದಾ ಅಂತ ಬರೆದವರು ಹೆದರಿದ್ದರು. ಸುಧಾರಿಸಿದ್ದು ಆರೋಗ್ಯ ಸಾರ್ ಅಂತ ಹೇಳೋಕೆ ಕಾಲು ಗಂಟೆ ಬೇಕಾಯಿತು.

ಪಿಯು ಎರಡನೇ ವರ್ಷ

ಸರ್, ನನ್ನದೊಂದು ಪ್ರಶ್ನೆ. ನಮ್ಮ ಟೆಸ್ಟಿನಲ್ಲಿ ‘ಅವಳು ನಿನ್ನೆ ಬರಲಿಲ್ಲ’ ಅಂತ ಇತ್ತು. ‘ಅಳು’ ಇಲ್ಲ ಅಂತ ನಾನು ತಪ್ಪು ಅಂತ ಗುರುತು ಹಾಕಿದೆ. ನಿಜವಾದ ತಪ್ಪು ‘ನಾನು ಕಾವೇರಿಯನ್ನು ಈಜಬಲ್ಲ’ ಅನ್ನೋದಂತೆ. ‘ಬರಲಿಲ್ಲ’ ಎಲ್ಲರಿಗೂ ಒಂದೇ ಆದರೆ ‘ಬಲ್ಲ’ ಯಾಕೆ ಒಂದೇ ಅಲ್ಲ?

ಹಳೇ ಸೀಮೆಸುಣ್ಣ

ಕೆಲವು ಕ್ರಿಯಾಪದಗಳು ಯಾರ ಕಡೆಗೂ ತಿರುಗೋದಿಲ್ಲ ಮಗಳೇ. ಇಲ್ಲ, ಬೇಕು, ಬೇಡ, ಬಹುದು, ಬಾರದು, ಕೂಡದು. ‘ನಾನು ಬರಬೇಕು, ಅವಳು ಬರಬೇಕು, ದನ ಬರಬೇಕು’. ಯಾರು ಬಂದರೂ ಅದು ಹಾಗೇ ಇರುತ್ತೆ. ಇವುಗಳ ಜೊತೆಗೆ ಮಾತ್ರ ಲಿಂಗ ಹುಡುಕೋಕೆ ಹೋಗಬೇಡ.

‘ಬಲ್ಲ’ ಮತ್ತು ‘ಲಾರ’ ಮಾತ್ರ ತಿರುಗುತ್ತವೆ. ‘ನಾನು ಈಜಬಲ್ಲೆ, ಅವನು ಈಜಬಲ್ಲ, ಅವಳು ಈಜಬಲ್ಲಳು, ಅವರು ಈಜಬಲ್ಲರು’. ‘ನಾನು ಮಾಡಲಾರೆ, ಅವಳು ಮಾಡಲಾರಳು’. ಮಾತಿನಲ್ಲಿ ಇವೆರಡೂ ಈಗ ಕಮ್ಮಿ ಆಗಿವೆ. ‘ನನಗೆ ಈಜೋಕೆ ಬರುತ್ತೆ’, ‘ನನ್ನ ಕೈಲಿ ಆಗಲ್ಲ’ ಅಂತೀವಿ. ಕಿವಿಗೆ ಬೀಳದ ಪದ ಪರೀಕ್ಷೆಯಲ್ಲಿ ಬಂದರೆ ಅನುಮಾನ ಬರೋದು ಸಹಜ. ಇವೆರಡನ್ನು ಮಾತ್ರ ಗಟ್ಟಿಯಾಗಿ ಓದಿ ಬಾಯಿಪಾಠ ಮಾಡಿಕೋ.

ಮೂರನೇ ಸಲ

ಇನ್ನೊಂದು ಸಲಹೆ ಮೇಷ್ಟ್ರೇ. ‘ಸೂರ್ಯ ಮುಳುಗಿತು’ ತಪ್ಪು, ‘ಮುಳುಗಿದನು’ ಸರಿ ಅಂತ ನಮ್ಮ ಕೋಚಿಂಗಿನ ನೋಟ್ಸಿನಲ್ಲಿದೆ. ನಾನು ಅದನ್ನೇ ಓದಿಕೊಂಡಿದ್ದೀನಿ.

ಹಳೇ ಸೀಮೆಸುಣ್ಣ

ಆ ನೋಟ್ಸು ತಿದ್ದಿಕೊಳ್ಳಿ. ಸೂರ್ಯ, ಚಂದ್ರ, ಶನಿ ಇವಕ್ಕೆ ಎರಡೂ ನಡೆಯುತ್ತವೆ. ‘ಸೂರ್ಯ ಮೂಡಿದನು’, ‘ಸೂರ್ಯ ಮೂಡಿತು’. ‘ಶನಿ ಕಾಡುತ್ತಾನೆ’, ‘ಶನಿ ಕಾಡುತ್ತದೆ’. ವ್ಯಾಕರಣದಲ್ಲಿ ಪುನ್ನಪುಂಸಕ ಅಂತ ಇದಕ್ಕೂ ಹೆಸರಿದೆ. ನಾಲ್ಕು ಆಯ್ಕೆಯಲ್ಲಿ ಸೂರ್ಯ ಬಂದರೆ ಅದನ್ನು ಬಿಟ್ಟು ಉಳಿದ ಮೂರನ್ನು ಮೊದಲು ನೋಡಿ. ಖಚಿತವಾದ ತಪ್ಪು ಅಲ್ಲೆಲ್ಲೋ ಸಿಗುತ್ತೆ.

ಮದ್ದೂರು ಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಓದಿದೆ. ಬೆರಳಲ್ಲಿ ಮುಚ್ಚೋ ಉಪಾಯ ಅವಳಿಗೆ ಹಿಡಿಸಿತು. ಹಾಳೆಯ ಮೇಲೆ ಒಂದು ಸಣ್ಣ ರಟ್ಟಿನ ಚೂರು ಇಟ್ಟುಕೊಂಡು ಹನ್ನೆರಡು ವಾಕ್ಯ ಬಿಡಿಸಿದಳು. ಒಂದೇ ತಪ್ಪಾಯಿತು.

ಅವಳು ‘ಈ’ ವಾಕ್ಯದ ಬಗ್ಗೆಯೂ ಕೇಳ್ತಿದ್ದಾಳೆ. ‘ನಾನೂ ತಂಗಿಯೂ ಹೋದೆವು’ ಗೊತ್ತಾಯಿತು, ಅದರಲ್ಲಿ ‘ನಾನು’ ಇರೋದರಿಂದ ‘ನಾವು’ ಆಗುತ್ತೆ. ‘ನೀನೂ ತಂಗಿಯೂ’ ಇದ್ದರೆ?

ಅಚ್ಚುಮೊಳೆ

‘ನೀನೂ ತಂಗಿಯೂ ಹೋದಿರಿ’. ಒಬ್ಬಳು ಎದುರಿಗಿದ್ದಾಳೆ, ಇನ್ನೊಬ್ಬಳು ಇಲ್ಲ, ಆದರೂ ಸೇರಿದರೆ ‘ನೀವು’. ‘ನಾನು’ ಸೇರಿದ್ದರೆ ‘ನಾನು’ ಗೆಲ್ಲುತ್ತೆ. ಅದಿಲ್ಲದಿದ್ದರೆ ‘ನೀನು’. ಎರಡೂ ಇಲ್ಲದಿದ್ದರೆ ಮಾತ್ರ ‘ಹೋದರು’.

ಪಿಯು ಎರಡನೇ ವರ್ಷ

‘ಅವನು ಅಥವಾ ನಾನು’ ಅಂತ ಬಂದರೆ? ಇಬ್ಬರೂ ಹೋಗಲ್ಲ, ಒಬ್ಬರೇ ಹೋಗೋದು. ‘ಅವನು ಅಥವಾ ನಾನು ಹೋಗುತ್ತೇನೆ’ ಅನ್ನಬೇಕಾ, ‘ಹೋಗುತ್ತೇವೆ’ ಅನ್ನಬೇಕಾ?

ಅಚ್ಚುಮೊಳೆ

ನಾನು ಹತ್ತಿರ ಇರೋ ಪದ ಹಿಡಿದು ‘ಹೋಗುತ್ತೇನೆ’ ಅಂತ ಬಿಡ್ತೀನಿ.

ಹಳೇ ಸೀಮೆಸುಣ್ಣ

ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ‘ನಾನು ಅಥವಾ ಅವನು ಹೋಗುತ್ತಾನೆ’ ಅಂತ ತಿರುವಿದರೆ ‘ನಾನು ಹೋಗುತ್ತಾನೆ’ ಅಂದಹಾಗೆ ಕಿವಿಗೆ ಚುಚ್ಚುತ್ತೆ. ನಾನು ಬರೆಯುವಾಗ ‘ಅವನು ಹೋಗುತ್ತಾನೆ, ಇಲ್ಲವಾದರೆ ನಾನು ಹೋಗುತ್ತೇನೆ’ ಅಂತ ಎರಡು ಮಾಡಿಬಿಡ್ತೀನಿ. ಅಥವಾ ‘ಅವನು ಇಲ್ಲವೇ ನಾನು ಹೋಗಬೇಕು’. ‘ಬೇಕು’ ಯಾರ ಕಡೆಗೂ ತಿರುಗೋದಿಲ್ಲವಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತೆ.

ಅಚ್ಚುಮೊಳೆ

ನಮ್ಮಲ್ಲಿ ಹಾಗೆ ವಾಕ್ಯ ಒಡೆಯೋ ಸ್ವಾತಂತ್ರ್ಯ ಇರೋದಿಲ್ಲ ಮೇಷ್ಟ್ರೇ. ಬರೆದವರು ಕೇಳ್ತಾರೆ. ಹಾಗಾಗಿ ನಾನು ಹತ್ತಿರದ್ದನ್ನೇ ಹಿಡೀತೀನಿ.

ಕಬ್ಬಿನ ಗದ್ದೆ

ನನ್ನ ಹುಡುಗ ಕೂಡ ಇದನ್ನೆಲ್ಲ ಓದಿದ. ‘ಮನೇಲಿ ಹೋಯ್ತು, ಹಾಳೇಲಿ ಹೋದಳು’ ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದಾನೆ. ಮೇಷ್ಟ್ರೇ, ನಿಮಗೆ ಅವನ ಕಡೆಯಿಂದ ನಮಸ್ಕಾರ.

ಅವನದೊಂದು ಪ್ರಶ್ನೆ. ಸಂಜೆ ನಮ್ಮಪ್ಪ ಎತ್ತಿನ ಜೊತೆ ಗದ್ದೆಯಿಂದ ಬರೋದನ್ನ ನೋಡಿ ಕೇಳಿದ. ‘ತಾತನೂ ಎತ್ತೂ’ ಅಂದ ಮೇಲೆ ‘ಬಂದರು’ ಅನ್ನೋದಾ, ‘ಬಂದವು’ ಅನ್ನೋದಾ?

ಹಳೇ ಸೀಮೆಸುಣ್ಣ

‘ಬಂದವು’ ಅಂದರೆ ತಾತನಿಗೆ ಒಪ್ಪೋದಿಲ್ಲ. ‘ಬಂದರು’ ಅಂದರೆ ಎತ್ತು ಮನುಷ್ಯ ಆಗುತ್ತೆ. ನಾನಾದರೆ ‘ತಾತ ಎತ್ತು ಹೊಡೆದುಕೊಂಡು ಬಂದರು’ ಅಂತ ಬರೀತೀನಿ. ‘ತಾತನೂ ಎತ್ತೂ’ ಅಂತಲೇ ಇರಬೇಕು ಅಂದರೆ ನನ್ನ ಕಿವಿ ‘ಬಂದರು’ ಕಡೆ ವಾಲುತ್ತೆ. ಬೇರೆಯವರು ಏನಂತೀರಿ?

ಮದ್ದೂರು ಮನೆ

ನನ್ನ ಮಗಳು ‘ಬಂದವು’ ಅಂತಿದ್ದಾಳೆ. ಎತ್ತು ಮುಂದೆ ಇತ್ತಂತೆ.